‘ತಡವಾಯಿತು’ ಮತ್ತು ‘ತಡ ಮಾಡಿದೆ’

ಕಳೆದ ಸಾಲಿನ ಇಂಟರ್ನ್‌ಶಿಪ್ ವೀಕ್ಷಣೆಗೆಂದು ಒಂದು ಶುಕ್ರವಾರ ಕಾಪು ಕಡೆಯ ಪ್ರೌಢಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಮಾರ್ಗದರ್ಶಕಿಯಾಗಿದ್ದ ಕನ್ನಡ ಶಿಕ್ಷಕಿ ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕೊಟ್ಟು, ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. “ನೋಡಿ ಸರ್, ನಿಮ್ಮ ಹುಡುಗಿ ನಿನ್ನೆ ರಾತ್ರಿ ಕಳಿಸಿದ್ದು. ಇದಕ್ಕೆ ನಾನು ಎಂಥ ಉತ್ತರ ಬರೆಯುದು? ಸಮಾಧಾನ ಹೇಳುದಾ, ಪೇಪರ್ ಯಾವಾಗ ಸಿಗ್ತದೆ ಅಂತ ಕೇಳುದಾ?” ಎಂದರು.

ಸಂದೇಶ ಹೀಗಿತ್ತು. ಬರೆದಾಕೆಯ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ.

“ಮೇಡಂ ಸಾರಿ ಮೇಡಂ. ಪೇಪರ್ ಇವತ್ತು ಕೊಡಲಿಕ್ಕೆ ಆಗಲಿಲ್ಲ. ತುಂಬಾ ಸಾರಿ. ಕಾರಣಾಂತರಗಳಿಂದ ತಡವಾಯಿತು. ದಯವಿಟ್ಟು ಕ್ಷಮಿಸಿ ಮೇಡಂ. ನೀವು ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟದ್ದು, ನನ್ನಿಂದ ತಪ್ಪಾಯಿತು. ನನಗೆ ತುಂಬಾ ಬೇಜಾರಾಗ್ತಾ ಉಂಟು. ನಿಮಗೆ ಮುಖ ತೋರಿಸಲಿಕ್ಕೆ ಧೈರ್ಯ ಇಲ್ಲ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ. ಪ್ಲೀಸ್ ಕ್ಷಮಿಸಿ ಮೇಡಂ. ಸಾರಿ.”

ನಡೆದದ್ದು ಇಷ್ಟು. ಎಂಟನೇ ತರಗತಿಯ ಘಟಕ ಪರೀಕ್ಷೆಯ 34 ಉತ್ತರಪತ್ರಿಕೆಗಳನ್ನು ತಿದ್ದಿ ಗುರುವಾರ ಮರಳಿಸುತ್ತೇನೆಂದು ಆಕೆ ಒಪ್ಪಿಕೊಂಡಿದ್ದಳು. ಶನಿವಾರ ಅಂಕಗಳನ್ನು ತರಗತಿ ಶಿಕ್ಷಕರಿಗೆ ಕೊಡಬೇಕಿತ್ತು. ಅದೇ ವಾರ ನಮ್ಮ ಕಾಲೇಜಿಗೆ ಒಪ್ಪಿಸಬೇಕಾದ ಪಾಠಯೋಜನೆಗಳೂ ಇದ್ದವು (ಆ ದಿನಾಂಕ ಇಟ್ಟವನು ನಾನೇ). ಗುರುವಾರ ರಾತ್ರಿಯ ಹೊತ್ತಿಗೆ 20 ಪತ್ರಿಕೆ ಆಗಿತ್ತು, 14 ಬಾಕಿ. ಇಷ್ಟಕ್ಕೆ ನಿಂತಿದ್ದರೆ ದೊಡ್ಡ ವಿಷಯವೇನಲ್ಲ. ಆದರೆ ಮುಖ ತೋರಿಸಲು ಧೈರ್ಯವಿಲ್ಲವೆಂದು ಬರೆದವಳು ಅದನ್ನೇ ನಿಜ ಮಾಡಿದಳು. ಶುಕ್ರವಾರ ಶಾಲೆಗೆ ಬರಲಿಲ್ಲ, ರಜೆಯೆಂದೂ ತಿಳಿಸಲಿಲ್ಲ. ಅವಳ ಎರಡು ಪೀರಿಯಡ್‌ಗಳನ್ನು ಆ ಶಿಕ್ಷಕಿಯೇ ತೆಗೆದುಕೊಂಡರು. ಎರಡು ದಿನದ ತಡಕ್ಕಿಂತ ಹೆಚ್ಚು ಹಾನಿ ಮಾಡಿದ್ದು ತಡದ ಬಗ್ಗೆ ಬರೆದ ಸಂದೇಶ ಎಂದು ನನಗೆ ಅನ್ನಿಸತೊಡಗಿದ್ದು ಆಗ.

ಎಷ್ಟು ಸಾರಿ ‘ಸಾರಿ’ ಬಂದಿದೆ ಎಂದು ಎಣಿಸಿದೆ. ಮೂರು. ‘ಕ್ಷಮಿಸಿ’ ಎರಡು, ‘ತಪ್ಪಾಯಿತು’ ಒಂದು. ಪತ್ರಿಕೆ ಎಷ್ಟು ಆಗಿದೆ, ಯಾವಾಗ ಬರುತ್ತದೆ ಎಂಬುದು ಒಮ್ಮೆಯೂ ಇಲ್ಲ. ಮಾರ್ಗದರ್ಶಕಿಗೆ ಬೇಕಾಗಿದ್ದುದು ಅದೊಂದೇ.

ಕನ್ನಡ ಬೋಧನಾ ಪದ್ಧತಿ ಕಲಿಸುವವನಿಗೆ ಇಂಥ ಸಂದೇಶ ಸಿಕ್ಕಿದರೆ ಕೈ ತನ್ನಷ್ಟಕ್ಕೆ ಕರ್ತೃ, ಕ್ರಿಯಾಪದ ಹುಡುಕುತ್ತದೆ. ಹುಡುಕಿದೆ. ‘ಕೊಡಲಿಕ್ಕೆ ಆಗಲಿಲ್ಲ’, ‘ತಡವಾಯಿತು’, ‘ತಪ್ಪಾಯಿತು’: ಇವೆಲ್ಲ ‘ಆಗು’ ಧಾತುವಿನವು. ತಡವಾಯಿತು ಎಂಬಲ್ಲಿ ಕರ್ತೃ ತಡವೇ. ಮಳೆ ಬಂದ ಹಾಗೆ, ಕತ್ತಲಾದ ಹಾಗೆ ತಡವೂ ಆಯಿತು, ಯಾರೂ ಮಾಡಿದ್ದಲ್ಲ. ‘ಬೇಜಾರಾಗ್ತಾ ಉಂಟು’ ಎಂಬುದರಲ್ಲಿ ‘ನನಗೆ’ ಚತುರ್ಥಿ. ‘ನಂಬಿಕೆ ಇಟ್ಟದ್ದು’ ಎಂಬುದಕ್ಕೆ ಕರ್ತೃ ‘ನೀವು’. ಇನ್ನು ‘ಕ್ಷಮಿಸಿ’ ವಿಧ್ಯರ್ಥಕ. ಅದರ ಕರ್ತೃವೂ ‘ನೀವು’. ಇಡೀ ಸಂದೇಶದಲ್ಲಿ ‘ನಾನು’ ಕರ್ತೃವಾಗಿರುವ ಕ್ರಿಯಾಪದ ಒಂದೇ ಒಂದು, ‘ಇನ್ನೊಮ್ಮೆ ಹೀಗೆ ಮಾಡುವುದಿಲ್ಲ’. ಅದು ಭವಿಷ್ಯದ ಮಾತು, ಅದೂ ನಿಷೇಧದಲ್ಲಿ. ನಡೆದು ಹೋದದ್ದನ್ನು ಹೇಳುವ ಒಂದು ವಾಕ್ಯದಲ್ಲೂ ಅವಳು ಇಲ್ಲ.

ಅವಳು ನುಣುಚಿಕೊಳ್ಳುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ನಿಜವಾಗಿ ನೊಂದೇ ಬರೆದಿದ್ದಾಳೆ. ನಮ್ಮ ಭಾಷೆ ಇಂಥ ಹೊತ್ತಿನಲ್ಲಿ ಮೊದಲು ಕೈಗೆ ಕೊಡುವ ಮಾತೇ ‘ಆಗು’ ಧಾತುವಿನದು. ತುಳುವಿನಲ್ಲೂ ‘ತಪ್ಪಾಂಡ್, ಬೇಜಾರ್ ಮಲ್ಪೊಡ್ಚಿ’ ಎನ್ನುತ್ತೇವೆ. ಅಲ್ಲಿಯೂ ತಪ್ಪು ತಾನಾಗಿಯೇ ಆದದ್ದು. ಎದುರು ನಿಂತು ಹೇಳುವಾಗ ಇದರಿಂದ ಏನೂ ಕೆಡುವುದಿಲ್ಲ. ಬಗ್ಗಿದ ತಲೆ, ಸ್ವರ, ಕೈಯಲ್ಲಿ ಹಿಡಿದ ಪತ್ರಿಕೆಗಳ ಕಟ್ಟು, ಇವೆಲ್ಲ ಸೇರಿ ‘ನಾನು’ ಎಂಬುದನ್ನು ಹೇಳಿಬಿಡುತ್ತವೆ. ಬರಹದಲ್ಲಿ ಅವು ಇಲ್ಲ. ಏನೋ ಸಾಲದು ಎಂದು ಬರೆಯುವವರಿಗೂ ತಿಳಿಯುತ್ತದೆ. ಆ ಕೊರತೆ ತುಂಬಲು ಇನ್ನೊಂದು ‘ಸಾರಿ’, ಮತ್ತೊಂದು ‘ಕ್ಷಮಿಸಿ’ ಸೇರಿಸುತ್ತಾ ಹೋಗುತ್ತಾರೆ. ಕರ್ತೃ ಇಲ್ಲದ ವಾಕ್ಯಕ್ಕೆ ಕ್ಷಮೆಯನ್ನು ಎಷ್ಟು ಪೇರಿಸಿದರೂ ಕರ್ತೃ ಬರುವುದಿಲ್ಲ.

‘ಕ್ಷಮಿಸಿ’ ಎಂಬ ಮಾತಿನ ಬಗ್ಗೆ ಇನ್ನೂ ಸ್ವಲ್ಪ ಯೋಚಿಸಬೇಕು. ಇಂಗ್ಲಿಷಿನ ‘ಸಾರಿ’ ಹೇಳುವವರ ಮನಸ್ಸಿನ ಸ್ಥಿತಿಯನ್ನು ಹೇಳುತ್ತದೆ. ನಮ್ಮ ‘ಕ್ಷಮಿಸಿ’ ಕೇಳುವವರಿಗೆ ಒಂದು ಕೆಲಸ ಹೇಳುತ್ತದೆ. ಒಮ್ಮೆ ಕೇಳಿದರೆ ಅದು ವಿನಯ. ಐದು ಸಲ ಕೇಳಿದರೆ, ಕಾದು ಬೇಸತ್ತವರ ತಲೆಯ ಮೇಲೆ ನಮ್ಮನ್ನು ಸಮಾಧಾನ ಮಾಡುವ ಹೊರೆಯೂ ಬಿತ್ತು ಎಂದು ಅರ್ಥ. ‘ಸಮಾಧಾನ ಹೇಳುದಾ, ಪೇಪರ್ ಕೇಳುದಾ’ ಎಂಬ ಆ ಶಿಕ್ಷಕಿಯ ಪ್ರಶ್ನೆ ಹುಟ್ಟಿದ್ದು ಇಲ್ಲೇ. ಇಷ್ಟು ದುಃಖದಲ್ಲಿರುವವಳಲ್ಲಿ ಪತ್ರಿಕೆ ಎಲ್ಲಿ ಎಂದು ಕೇಳಿದರೆ ತಾವೇ ಕಠೋರರಾದಂತೆ ಎಂದು ಅವರು ಸುಮ್ಮನಿದ್ದರು. ಉತ್ತರ ಬಾರದ್ದನ್ನು ಕಂಡು ಮೇಡಂ ಸಿಟ್ಟಾಗಿದ್ದಾರೆಂದು ಈಕೆ ಮನೆಯಲ್ಲೇ ಉಳಿದಳು.

ಇದು ನನ್ನೊಬ್ಬನ ಊಹೆ ಮಾತ್ರವಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕ್ಷಮಾಪಣೆಯನ್ನು ಆರು ಭಾಗವಾಗಿ ಬಿಡಿಸಿ ನೋಡಿತು: ವಿಷಾದ, ಕಾರಣದ ವಿವರಣೆ, ಹೊಣೆ ಒಪ್ಪಿಕೊಳ್ಳುವುದು, ಪಶ್ಚಾತ್ತಾಪ, ಸರಿಪಡಿಸುವ ಭರವಸೆ, ಕ್ಷಮೆಯ ಕೋರಿಕೆ. ಓದಿದವರ ಮೇಲೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ‘ತಪ್ಪು ನನ್ನದು’ ಎಂದು ಒಪ್ಪಿಕೊಳ್ಳುವ ಭಾಗ. ಎರಡನೆಯದು, ಸರಿಪಡಿಸುತ್ತೇನೆ ಎಂಬುದು. ಕಡೆಯ ಸ್ಥಾನ ಸಿಕ್ಕಿದ್ದು ಕ್ಷಮೆಯ ಕೋರಿಕೆಗೆ. ಅದು ಬೇರೆ ಭಾಷೆಯ, ಬೇರೆ ಸಮಾಜದ ಅಧ್ಯಯನ, ಹಾಗೆಯೇ ಇಲ್ಲಿಗೆ ತಂದು ಒಗ್ಗಿಸಬಾರದು ಎಂಬುದು ನಿಜ. ಆದರೂ ನಮ್ಮ ಹುಡುಗಿಯ ಸಂದೇಶದಲ್ಲಿ ಆ ಕಡೆಯ ಸ್ಥಾನದ್ದೇ ತುಂಬಿಕೊಂಡು, ಮೊದಲೆರಡು ಇಲ್ಲವೇ ಇಲ್ಲ ಎಂಬುದನ್ನು ಗಮನಿಸದೆ ಇರಲಾರೆ.

ಅಂದು ಮಧ್ಯಾಹ್ನ ಕಾಪುವಿನಿಂದಲೇ ಅವಳಿಗೆ ಫೋನು ಮಾಡಿದೆ. ಬೈಯಲು ಮಾಡಿದ್ದು ಎಂದು ಅವಳು ಭಾವಿಸಿದ್ದಿರಬೇಕು, ಸ್ವರ ನಡುಗುತ್ತಿತ್ತು. “ಎಷ್ಟು ಪೇಪರ್ ಆಗಿದೆ?” ಎಂದು ಕೇಳಿದೆ. “ಇಪ್ಪತ್ತು ಸರ್.” “ಉಳಿದದ್ದಕ್ಕೆ ಎಷ್ಟು ಹೊತ್ತು ಬೇಕು?” “ಎರಡು ಗಂಟೆ ಸಾಕು ಸರ್.” ಹಾಗಾದರೆ ಆ ಎರಡು ಉತ್ತರಗಳನ್ನೇ ಮೇಡಂಗೆ ಬರೆಯಬಹುದಿತ್ತಲ್ಲ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

ಆಮೇಲೆ ಫೋನಿನಲ್ಲೇ ಸಂದೇಶವನ್ನು ಮತ್ತೆ ಕಟ್ಟಿದೆವು. ಮೊದಲು, ಏನು ಮಾಡಲಿಲ್ಲವೋ ಅದನ್ನು ‘ನಾನು’ ಬರುವಂತೆ ಹೇಳಬೇಕು. ‘ಕೊಡಲಿಕ್ಕೆ ಆಗಲಿಲ್ಲ’ ಎಂಬುದು ‘ಕೊಡಲಿಲ್ಲ’ ಎಂದಾಯಿತು. ಒಂದೇ ಒಂದು ಪದ ಬಿಟ್ಟರೆ ಸಾಕು, ಆದರೆ ಅದನ್ನು ಬಿಡಲು ಅವಳು ಬಹಳ ಹಿಂಜರಿದಳು. “ಕೊಡಲಿಲ್ಲ ಅಂದರೆ ಬೇಕೆಂದೇ ಕೊಡಲಿಲ್ಲ ಅಂತ ಆಗುದಿಲ್ವಾ ಸರ್?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ‘ಕೊಡುತ್ತೇನೆಂದು ಹೇಳಿ ಕೊಡಲಿಲ್ಲ’ ಎಂದರೆ ಮಾತು ಕೊಟ್ಟದ್ದೂ ತಪ್ಪಿದ್ದೂ ಎರಡೂ ಬಂದವು. ಬೇಕೆಂದೇ ಎಂಬ ಅರ್ಥ ಹೊರಡುವುದಿಲ್ಲ.

ಎರಡನೆಯದು, ‘ಕಾರಣಾಂತರಗಳಿಂದ’ ಎಂಬುದನ್ನು ತೆಗೆಯುವುದು. ನಮ್ಮ ಕಚೇರಿ ಕನ್ನಡದಲ್ಲಿ ಇದಕ್ಕಿಂತ ಸವಕಲಾದ ಪದ ನನಗೆ ಗೊತ್ತಿಲ್ಲ. ಕಾರಣ ಹೇಳಿದಂತೆ ಕೇಳಿಸುತ್ತದೆ, ಹೇಳಿರುವುದಿಲ್ಲ. ಕಾರಣ ಹೇಳುವುದಾದರೆ ಒಂದು ವಾಕ್ಯದಲ್ಲಿ ಹೇಳಬೇಕು, ಇಲ್ಲವಾದರೆ ಬಿಡಬೇಕು. ಪಾಠಯೋಜನೆಯ ವಿಷಯ ಬರೆಯಲೇ ಎಂದು ಕೇಳಿದಳು. ಅದು ಮಾರ್ಗದರ್ಶಕಿಯ ತೊಂದರೆಯಲ್ಲ, ನನ್ನೊಂದಿಗೆ ಮಾತಾಡಬೇಕಾದದ್ದು ಎಂದೆ.

ಮೂರನೆಯದರಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. ‘ನಾಳೆ ಪ್ರಾರ್ಥನೆಗೆ ಮೊದಲು ಕೊಡುತ್ತೇನೆ’ ಎಂದು ಬರೆದಳು. ಅವಳ ಮನೆ ಕಾರ್ಕಳದ ಆಚೆ. ಬೆಳ್ಮಣ್ ದಾರಿಯಾಗಿ ಪಡುಬಿದ್ರಿಗೆ ಬಂದು, ಅಲ್ಲಿ ಇಳಿದು, ಹೆದ್ದಾರಿಯಲ್ಲಿ ಬೇರೆ ಬಸ್ಸು ಹಿಡಿದು ಕಾಪುವಿಗೆ ಬರಬೇಕು. ಶನಿವಾರ ಬೆಳಗಿನ ಶಾಲೆ ಬೇರೆ. ಪಡುಬಿದ್ರಿಯಲ್ಲಿ ಒಂದು ಬಸ್ಸು ತಪ್ಪಿದರೂ ಪ್ರಾರ್ಥನೆ ಮುಗಿದಿರುತ್ತದೆ, ಇನ್ನೊಂದು ‘ಸಾರಿ’ ಬರೆಯಬೇಕಾಗುತ್ತದೆ. ‘ಮೊದಲ ವಿರಾಮದ ಒಳಗೆ’ ಎಂದು ಬದಲಾಯಿಸಿದೆವು. ತಪ್ಪಿದ ಮಾತಿನ ಬಿಸಿಯಲ್ಲಿ ನಾವು ಕೊಡುವ ಎರಡನೇ ಮಾತು ಯಾವಾಗಲೂ ಸ್ವಲ್ಪ ಹೆಚ್ಚೇ ಆಗಿರುತ್ತದೆ, ಎದುರಿನವರನ್ನು ಬೇಗ ಒಲಿಸಿಕೊಳ್ಳುವ ಆತುರ. ಅದೂ ತಪ್ಪಿದರೆ ಮೊದಲಿನ ಕ್ಷಮೆಗೂ ಬೆಲೆ ಉಳಿಯುವುದಿಲ್ಲ.

ಕೊನೆಗೆ ಶುಕ್ರವಾರ ಸಂಜೆ ಹೋದ ಸಂದೇಶ ಇದು:

“ನಮಸ್ತೆ ಮೇಡಂ. ಎಂಟನೇ ತರಗತಿಯ ಉತ್ತರಪತ್ರಿಕೆಗಳನ್ನು ಗುರುವಾರ ಕೊಡುತ್ತೇನೆಂದು ಹೇಳಿ ಕೊಡಲಿಲ್ಲ. ಇವತ್ತು ತಿಳಿಸದೆ ರಜೆ ಮಾಡಿದೆ. ಎರಡಕ್ಕೂ ಕ್ಷಮಿಸಿ. 34ರಲ್ಲಿ 20 ತಿದ್ದಿ ಆಗಿದೆ. ಉಳಿದ 14 ಇವತ್ತು ರಾತ್ರಿ ಮುಗಿಸಿ, ಅಂಕಪಟ್ಟಿಯೊಂದಿಗೆ ನಾಳೆ ಮೊದಲ ವಿರಾಮದ ಒಳಗೆ ನಿಮ್ಮ ಕೈಗೆ ಕೊಡುತ್ತೇನೆ. ನನ್ನ ಎರಡು ಪೀರಿಯಡ್ ನೀವು ತೆಗೆದುಕೊಂಡಿರಿ ಎಂದು ಗೊತ್ತಾಯಿತು. ಮುಂದಿನ ವಾರ ನಿಮಗೆ ಅನುಕೂಲವಾದ ಎರಡು ಪೀರಿಯಡ್ ನಾನು ತೆಗೆದುಕೊಳ್ಳುತ್ತೇನೆ.”

ಇದರಲ್ಲಿ ಧನ್ಯವಾದ ಇಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಅವಳು ಕೊನೆಯಲ್ಲಿ ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂದು ಸೇರಿಸಲು ಹೊರಟಿದ್ದಳು. ಬೇಡವೆಂದೆ. ಮೇಡಂ ಇನ್ನೂ ಕಾಯುತ್ತಲೇ ಇದ್ದಾರೆ. ಅವರಿಗೆ ತಾಳ್ಮೆ ಉಂಟೋ ಇಲ್ಲವೋ ಎಂದು ನಾವೇ ತೀರ್ಮಾನಿಸಿ ಮುಂಗಡವಾಗಿ ಧನ್ಯವಾದ ಹೇಳಿದರೆ, ಅವರು ಸಿಟ್ಟಾಗುವ ಹಕ್ಕನ್ನೇ ಕಸಿದುಕೊಂಡಂತೆ. ನಮ್ಮ ಶಾಲಾ ವಾರ್ಷಿಕೋತ್ಸವಗಳ ಧನ್ಯವಾದ ಸಮರ್ಪಣೆಯಲ್ಲಿ ‘ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮೆಯಿರಲಿ’ ಎಂದು ತಪ್ಪಿಗೆ ಮೊದಲೇ ಕ್ಷಮೆ ಕೇಳಿಬಿಡುತ್ತೇವಲ್ಲ, ಅದರ ತಮ್ಮ ಇದು.

ಧನ್ಯವಾದದ ಸಂದೇಶ ಹೋದದ್ದು ಶನಿವಾರ, ಪತ್ರಿಕೆಗಳು ಕೈಸೇರಿದ ಮೇಲೆ. ಅದನ್ನು ಅವಳು ನನ್ನನ್ನು ಕೇಳದೆ ತಾನೇ ಬರೆದಳು:

“ಮೇಡಂ, ನಿನ್ನೆ ತರಗತಿ ಶಿಕ್ಷಕರಿಗೆ ನೀವೇ ಹೇಳಿ ಸಮಯ ತೆಗೆಸಿಕೊಟ್ಟಿರಿ ಎಂದು ಇವತ್ತು ತಿಳಿಯಿತು. ಅದರಿಂದ ಕೊನೆಯ 14 ಪತ್ರಿಕೆಗಳನ್ನು ಅವಸರವಿಲ್ಲದೆ ನೋಡಲು ಸಾಧ್ಯವಾಯಿತು. ಕಾದದ್ದಕ್ಕೆ ಧನ್ಯವಾದ.”

ಮೂರು ವಾಕ್ಯ. ಇದರಲ್ಲಿ ಮತ್ತೆ ಕ್ಷಮೆ ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ, ಅದು ನಿನ್ನೆಯೇ ಮುಗಿದಿದೆ. ತಾಳ್ಮೆ ಎಂಬ ಪದವೂ ಇಲ್ಲ. ಅದರ ಬದಲು ಆ ತಾಳ್ಮೆ ಮಾಡಿದ ಕೆಲಸ ಇದೆ: ತರಗತಿ ಶಿಕ್ಷಕರಿಗೆ ಹೇಳಿದ್ದು, ಕಾದದ್ದು. ಅದರಿಂದ ತನಗಾದ ಪ್ರಯೋಜನವೂ ಇದೆ. ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂಬುದು ಇಂಗ್ಲಿಷಿನಿಂದ ನೇರ ಇಳಿಸಿಕೊಂಡ ವಾಕ್ಯ. ಬ್ಯಾಂಕಿನ ಫೋನಿನಲ್ಲಿ ಕಾಯುವಾಗ ಕೇಳಿಸುವ ಧ್ವನಿಯಲ್ಲಿ ಅದು ಸರಿ. ವಯಸ್ಸಿನಲ್ಲಿ, ಅನುಭವದಲ್ಲಿ ಹಿರಿಯರಾದವರಿಗೆ ಬರೆದರೆ ಅವರ ಗುಣಕ್ಕೆ ನಾವು ಅಂಕ ಕೊಟ್ಟಂತೆ ಕೇಳಿಸುತ್ತದೆ. ‘ಕಾದದ್ದಕ್ಕೆ’, ‘ನನ್ನ ಬದಲು ತರಗತಿ ನೋಡಿಕೊಂಡದ್ದಕ್ಕೆ’ ಎಂದು ಅವರು ಮಾಡಿದ್ದನ್ನು ಹೇಳಿದರೆ ಆ ತೊಡಕಿಲ್ಲ.

ಮೇಡಂ ಅದಕ್ಕೆ ಕೊಟ್ಟ ಉತ್ತರವನ್ನೂ ಅವಳು ತೋರಿಸಿದಳು. “ಆಯ್ತು. ಸಂಧಿ ಪ್ರಶ್ನೆಗೆ ಎಲ್ಲರಿಗೂ ಅರ್ಧ ಅಂಕ ಕಡಿಮೆ ಯಾಕೆ? ಸೋಮವಾರ ಮಾತಾಡುವ.” ಅಷ್ಟೇ. ಮಾತು ಕೆಲಸಕ್ಕೆ ಮರಳಿತ್ತು.

ಇಲ್ಲಿಯವರೆಗೆ ಓದಿದ ಕೆಲವರಿಗೆ ಒಂದು ಆಕ್ಷೇಪ ಇರಬಹುದು. ನಮ್ಮ ವಿಭಾಗದಲ್ಲೇ ಹಿರಿಯ ಸಹೋದ್ಯೋಗಿಯೊಬ್ಬರು ಎತ್ತಿದ್ದು. “ಒಂದೇ ಸಲ ಕ್ಷಮೆ ಕೇಳಿ ಸೀದಾ ಲೆಕ್ಕಕ್ಕೆ ಬಂದರೆ ನಮ್ಮ ಕಡೆಯವರಿಗೆ ಅದು ಗರ್ವ ಅನ್ನಿಸುವುದಿಲ್ಲವಾ ಮಾರಾಯ್ರೆ?” ಎಂದರು. ನನಗೂ ಈ ಅಳುಕು ಇತ್ತು. ಆದರೆ ಕನ್ನಡದಲ್ಲಿ ಗೌರವ ಹೊರುವ ಭಾಗಗಳು ಬೇರೆಯೇ ಇವೆ. ‘ನಮಸ್ತೆ ಮೇಡಂ’ ಎಂಬ ಆರಂಭ, ‘ತೆಗೆದುಕೊಂಡಿರಿ’, ‘ಕೊಟ್ಟಿರಿ’ ಎಂಬ ಬಹುವಚನ, ‘ನಿಮಗೆ ಅನುಕೂಲವಾದ’ ಎಂದು ಆಯ್ಕೆಯನ್ನು ಅವರಿಗೆ ಬಿಟ್ಟದ್ದು. ಇವು ಇದ್ದರೆ ಒಂದು ‘ಕ್ಷಮಿಸಿ’ಗೆ ಬೇಕಾದ ಭಾರ ಬರುತ್ತದೆ. ನಾನು ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ: ಸಂದೇಶದಲ್ಲಿ ಕ್ಷಮೆ ಕೇಳುವ ಪದಗಳನ್ನೆಲ್ಲ ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಏನಾಯಿತು, ಮುಂದೇನು ಎಂಬುದು ಉಳಿದಿದ್ದರೆ ಕಳಿಸಬಹುದು. ಗುರುವಾರ ರಾತ್ರಿಯ ಸಂದೇಶವನ್ನು ಹಾಗೆ ಮುಚ್ಚಿದರೆ ‘ಬೇಜಾರಾಗ್ತಾ ಉಂಟು’, ‘ಧೈರ್ಯ ಇಲ್ಲ’ ಎಂಬಂಥ ಅಳಲು ಮಾತ್ರ ಉಳಿಯುತ್ತಿತ್ತು. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿರುವ ತಪ್ಪು–ಒಪ್ಪು ಪಟ್ಟಿಯನ್ನು ನೆನಪಿಸಿಕೊಳ್ಳಿ. ಪುಟ, ಸಾಲು, ತಪ್ಪು, ಒಪ್ಪು. ಗೋಳಾಟವಿಲ್ಲ. ಅದನ್ನು ಯಾರೂ ಗರ್ವ ಎನ್ನುವುದಿಲ್ಲ.

ಇದಕ್ಕೆ ಮಿತಿಯೂ ಉಂಟು. ಮಳೆಗಾಲದಲ್ಲಿ ಬಸ್ಸು ದಾರಿಯಲ್ಲಿ ಕೆಟ್ಟು ನಿಂತರೆ ‘ನಾನು ತಡ ಮಾಡಿದೆ’ ಎಂದು ಬರೆಯುವುದು ಸುಳ್ಳು ವಿನಯ. ಅಲ್ಲಿ ‘ಬಸ್ಸು ಕೆಟ್ಟಿತು’ ಎಂಬುದೇ ನಿಜ; ನನ್ನದೇನಾದರೂ ಇದ್ದರೆ ‘ಕೂಡಲೇ ತಿಳಿಸಲಿಲ್ಲ’ ಎಂಬುದು. ಇನ್ನೊಂದು ತುದಿಯಲ್ಲಿ, ತರಗತಿಯ ಎದುರು ಒಂದು ಮಗುವನ್ನು ಮಾಡದ ತಪ್ಪಿಗೆ ಗದರಿದ್ದರೆ, ಸಂದೇಶದ ಮಾತೇ ಬರುವುದಿಲ್ಲ. ಅದೇ ತರಗತಿಯ ಎದುರು ಬಾಯಿ ಬಿಟ್ಟು ಹೇಳಬೇಕು. ಎರಡು ದಿನದ ತಡ, ಅದಲುಬದಲಾದ ಅಂಕ, ಮರೆತುಹೋದ ಚಾರ್ಟು, ಇಂಥವುಗಳಿಗೆ ಸರಿಹೊಂದುವ ಕ್ರಮ ಇದು.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಪ್ರಶಿಕ್ಷಣಾರ್ಥಿಯ ಸಂದೇಶವನ್ನು ಪತ್ರಿಕೆಯಲ್ಲಿ ಹಾಕಿ, ನನ್ನದನ್ನು ಅಡಗಿಸಿಡುವುದು ನ್ಯಾಯವಲ್ಲ.

ಅದಕ್ಕೂ ಹಿಂದಿನ ಸಾಲಿನಲ್ಲಿ ಕಾರ್ಕಳದ ಶಾಲೆಯೊಂದರಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿಯ ವಿಮರ್ಶಾ ಪಾಠ ಇತ್ತು. ಎರಡನೇ ಪೀರಿಯಡ್. ನಾನು ಡೈರಿಯಲ್ಲಿ ನಾಲ್ಕನೆಯದೆಂದು ಬರೆದುಕೊಂಡಿದ್ದೆ. ಆ ದಿನ ನೆಮ್ಮದಿಯಾಗಿ ಮಣಿಪಾಲದಲ್ಲಿ ಒಂದು ಕೆಲಸ ಮುಗಿಸಿ, ಹಿರಿಯಡ್ಕದ ದಾರಿಯ ಬಸ್ಸು ಹತ್ತಿದೆ. ಬೈಲೂರು ದಾಟುವಾಗ ಮೊಬೈಲಿನಲ್ಲಿ ಅವಳ ಮೂರು ಮಿಸ್ಡ್ ಕಾಲ್ ಕಂಡೆ. ಶಾಲೆ ಮುಟ್ಟಿದಾಗ ಮೂರನೇ ಪೀರಿಯಡ್ ಅರ್ಧವಾಗಿತ್ತು. ಮಾರ್ಗದರ್ಶಕರು ಗಣಿತದವರಿಂದ ಆ ಪೀರಿಯಡನ್ನು ಬೇಡಿ ಪಡೆದು ಮಕ್ಕಳನ್ನು ಕೂರಿಸಿಕೊಂಡಿದ್ದರು. ಬಸ್ಸಿನಿಂದಲೇ ನಾನು ಅವಳಿಗೆ ಕಳಿಸಿದ ಸಂದೇಶ ಇದು: “ಕಾರಣಾಂತರಗಳಿಂದ ತಡವಾಯಿತು. ನಿಮ್ಮ ತಾಳ್ಮೆಗೆ ಧನ್ಯವಾದಗಳು.” ಅವಳ ಉತ್ತರ: “ಪರವಾಗಿಲ್ಲ ಸರ್.” ಅಂಕ ಕೊಡುವವನಿಗೆ ಇನ್ನೇನು ಬರೆದಾಳು?

ಆ ಹೊತ್ತಿಗೆ ನನ್ನ ಸಂದೇಶ ನನಗೆ ಬಹಳ ಸಭ್ಯವಾಗಿ ಕಂಡಿತ್ತು. ಚಿಕ್ಕದು, ಗೋಳಾಟವಿಲ್ಲ, ಧನ್ಯವಾದವೂ ಇದೆ. ತಪ್ಪಾದಾಗ ಗ್ರಾಹಕರಿಗೆ ಕ್ಷಮೆ ಕೇಳುವುದಕ್ಕಿಂತ ಧನ್ಯವಾದ ಹೇಳುವುದೇ ಹಲವು ಸಲ ಹೆಚ್ಚು ಪರಿಣಾಮಕಾರಿ ಎಂದು ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ 2020ರಲ್ಲಿ ಬಂದ ಒಂದು ಅಧ್ಯಯನ ಹೇಳುತ್ತದೆ. ಧನ್ಯವಾದ ಕೇಳಿದವರಿಗೆ ತಮ್ಮ ಬಗ್ಗೆಯೇ ಒಳ್ಳೆಯ ಭಾವನೆ ಮೂಡುತ್ತದೆ ಎಂಬುದು ಅದರ ವಿವರಣೆ. ಅಂಗಡಿಗೆ ಅದು ಸಾಕಾಗಬಹುದು. ಗ್ರಾಹಕನಿಗೆ ಇಷ್ಟವಾಗದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನನ್ನ ಪ್ರಶಿಕ್ಷಣಾರ್ಥಿಗೆ ಪಕ್ಕದ ಅಂಗಡಿ ಇರಲಿಲ್ಲ. 2014ರ ಎನ್‌ಸಿಟಿಇ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ. ಅಷ್ಟೂ ವಾರ ಅವಳು ನಮ್ಮ ವೇಳಾಪಟ್ಟಿಗೆ, ನಮ್ಮ ಬರವಿಗೆ, ನಮ್ಮ ಸಹಿಗೆ ಕಾಯುತ್ತಾಳೆ. ಮೇಲಿರುವವನು ಕ್ಷಮೆಯ ಜಾಗದಲ್ಲಿ ಧನ್ಯವಾದ ಇಟ್ಟರೆ ಕೆಳಗಿರುವವರು ಅದನ್ನು ತಿರುಗಿಸಿ ಕೊಡಲಾರರು. ಕೆಳಗಿನವರ ಸಂದೇಶದಲ್ಲಿ ಕ್ಷಮೆ ಹೆಚ್ಚಾಗುವುದೂ ನಮ್ಮದರಲ್ಲಿ ಒಂದೂ ಇಲ್ಲದಿರುವುದೂ ಒಂದೇ ರೋಗ ಎಂದು ನನಗೀಗ ಅನ್ನಿಸುತ್ತದೆ. ಕಾಪುವಿನ ಹುಡುಗಿ ‘ಕಾರಣಾಂತರಗಳಿಂದ’ ಎಂಬ ಪದವನ್ನು ಎಲ್ಲಿ ಕಲಿತಳು ಎಂದು ನಾನು ಕೇಳಲಿಲ್ಲ.

ಕಾರ್ಕಳದವಳ ಆತ್ಮಾವಲೋಕನ ದಿನಚರಿಯನ್ನು ವರ್ಷದ ಕೊನೆಗೆ ಓದಿದಾಗ ಆ ದಿನದ ಪುಟದಲ್ಲಿ ಒಂದೇ ಸಾಲು ಇತ್ತು: “ಇಂದು ಒಂದೇ ಪಾಠವನ್ನು ಮೂರು ಬಾರಿ ಆರಂಭಿಸಿದೆ.” ನಾನು ಆ ಪುಟಕ್ಕೂ ಎಂದಿನಂತೆ ಸಹಿ ಹಾಕಿ ಮುಂದೆ ಹೋಗಿದ್ದೆ.

ಕಾಪುವಿನಿಂದ ಉಡುಪಿಗೆ ಮರಳಿದ ಆ ವಾರವೇ ಅವಳಿಗೆ ಬರೆದೆ. ಅವಳೀಗ ಶಿಕ್ಷಕಿ. “ನಮಸ್ತೆ. ಕಾರ್ಕಳದ ನಿಮ್ಮ ವಿಮರ್ಶಾ ಪಾಠದ ಪೀರಿಯಡನ್ನು ನಾನು ತಪ್ಪಾಗಿ ಬರೆದುಕೊಂಡಿದ್ದೆ, ಅದನ್ನು ಅಂದು ಹೇಳಲಿಲ್ಲ. ಕ್ಷಮಿಸಿ. ನಾನು ಬರುವವರೆಗೆ ನೀವು ಮಕ್ಕಳನ್ನು ಹಿಡಿದಿಟ್ಟುಕೊಂಡಿರಿ, ಮತ್ತೆ ಮೊದಲಿನಿಂದ ಪಾಠ ಮಾಡಿದಿರಿ. ಅದಕ್ಕೆ ಧನ್ಯವಾದ. ಈ ವರ್ಷದಿಂದ ಪ್ರತಿ ವೀಕ್ಷಣೆಯ ಪೀರಿಯಡನ್ನು ಹಿಂದಿನ ದಿನ ಪ್ರಶಿಕ್ಷಣಾರ್ಥಿಗೆ ಕಳಿಸಿ ಖಚಿತಪಡಿಸಿಕೊಳ್ಳುತ್ತಿದ್ದೇನೆ.”

ಎರಡು ದಿನ ಉತ್ತರ ಬರಲಿಲ್ಲ. ಇನ್ನೊಂದು ಸಂದೇಶ ಕಳಿಸಿ ಮತ್ತೊಮ್ಮೆ ಕ್ಷಮೆ ಕೇಳಬೇಕೆಂದು ಕೈ ತುರಿಸುತ್ತಿತ್ತು, ತಡೆದುಕೊಂಡೆ. ಮೂರನೇ ದಿನ ಬಂತು: “ಸರ್, ಎರಡನೇ ಸಲ ಆರಂಭಿಸಿದ್ದು ತುಂಬಾ ಚೆನ್ನಾಗಿ ಬಂದಿತ್ತು. ನೀವು ನೋಡಿದ್ದು ಮೂರನೆಯದು.”